ಒಂದು, ಎರಡು, ಒಂದು: ಬಾಂಬು ಎಲ್ಲಿಲ್ಲ ಎಂದು ತಿಳಿಯುವ ಬಗೆ

ಮೈನ್‌ಸ್ವೀಪರ್ ಆಡಿದವರಲ್ಲಿ ಹೆಚ್ಚಿನವರು ಅದನ್ನು ಅದೃಷ್ಟದ ಆಟವೆಂದೇ ತಿಳಿದಿದ್ದಾರೆ. ಬೂದು ಬಣ್ಣದ ಮನೆಗಳ ಮೇಲೆ ಅಲ್ಲಿ ಇಲ್ಲಿ ಕ್ಲಿಕ್ ಮಾಡಿ, ಬಾಂಬು ಸಿಡಿದ ಕೂಡಲೇ ಮೇಲಿನ ಹಳದಿ ಮುಖವನ್ನು ಒತ್ತಿ, ಮತ್ತೆ ಮೊದಲಿನಿಂದ ಶುರು. ತೆರೆದ ಮನೆಯಲ್ಲಿ ಕಾಣುವ ಅಂಕಿಗೆ ಅರ್ಥವಿದೆ ಎಂದು ಗೊತ್ತಿದ್ದವರೂ ಒಂದು ಹಂತದಲ್ಲಿ ನಿಂತುಬಿಡುತ್ತಾರೆ. ಒಂದೊಂದು ಅಂಕಿಯನ್ನೂ ಬೇರೆ ಬೇರೆಯಾಗಿ ಓದುವುದೇ ಅದಕ್ಕೆ ಕಾರಣ. ಅಕ್ಕಪಕ್ಕದ ಎರಡು ಅಂಕಿಗಳನ್ನು ಒಟ್ಟಿಗೆ ಓದಲು ಕಲಿತರೆ ಆಟದ ಬಹುಭಾಗ ಲೆಕ್ಕಕ್ಕೆ ಸಿಗುತ್ತದೆ, ಅದೃಷ್ಟಕ್ಕೆ ಉಳಿಯುವುದು ಸ್ವಲ್ಪವೇ. ಹಾಗೆ ಓದಲು ಕಲಿಯುವುದಕ್ಕೆ 1-2-1 ಎಂಬ ಸಾಲಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನಿಯಮ ಚಿಕ್ಕದು. ಮುಚ್ಚಿದ ಮನೆಗಳಲ್ಲಿ ಕೆಲವದರ ಕೆಳಗೆ ಬಾಂಬು ಇದೆ. ಬಾಂಬಿಲ್ಲದ ಮನೆಯನ್ನು ತೆರೆದರೆ ಒಂದು ಅಂಕಿ ಕಾಣುತ್ತದೆ. ಆ ಮನೆಗೆ ಅಂಟಿಕೊಂಡ ಎಂಟು ಮನೆಗಳಲ್ಲಿ, ಅಂದರೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮತ್ತು ನಾಲ್ಕು ಮೂಲೆಗಳಲ್ಲಿ, ಒಟ್ಟು ಎಷ್ಟು ಬಾಂಬುಗಳಿವೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಸುತ್ತ ಒಂದೂ ಇಲ್ಲದಿದ್ದರೆ ಮನೆ ಖಾಲಿಯಾಗಿ ತೆರೆದು, ಅದರ ನೆರೆಮನೆಗಳೆಲ್ಲ ತಾವೇ ತೆರೆದುಕೊಳ್ಳುತ್ತವೆ. ಬಾಂಬಿಲ್ಲದ ಮನೆಗಳನ್ನೆಲ್ಲ ತೆರೆದು ಮುಗಿಸಿದಾಗ ಗೆಲುವು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಬಾಂಬುಗಳನ್ನು ಹುಡುಕಿ ಬಾವುಟ ನೆಟ್ಟರೆ ಗೆಲುವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಒಂದೇ ಒಂದು ಬಾವುಟ ನೆಡದೆಯೂ ಗೆಲ್ಲಬಹುದು.

ಇಂಥ ಆಟಗಳು ಮೊದಲೇ ಇದ್ದವಾದರೂ, ನಮಗೆಲ್ಲ ಪರಿಚಯವಾದ ರೂಪವನ್ನು ಬರೆದವರು ಮೈಕ್ರೋಸಾಫ್ಟ್‌ನ ರಾಬರ್ಟ್ ಡಾನರ್ ಮತ್ತು ಕರ್ಟ್ ಜಾನ್ಸನ್. 1990ರಲ್ಲಿ ವಿಂಡೋಸ್‌ಗೆಂದು ಬೇರೆಯಾಗಿ ಮಾರುತ್ತಿದ್ದ ಆಟಗಳ ಕಟ್ಟಿನಲ್ಲಿ ಅದು ಬಂತು. 1992ರ ವಿಂಡೋಸ್ 3.1ರ ಜೊತೆ ಉಚಿತವಾಗಿಯೇ ಸೇರಿಕೊಂಡಿತು. ಆಮೇಲೆ ಕಂಪ್ಯೂಟರ್ ಹೋದ ಕಡೆಯೆಲ್ಲ, ನಮ್ಮ ಊರುಗಳ ಕಂಪ್ಯೂಟರ್ ಕ್ಲಾಸುಗಳವರೆಗೂ, ಈ ಆಟವೂ ಹೋಯಿತು. ಸುಲಭದ ಹಂತದಲ್ಲಿ ಹಳೆಯ ಆವೃತ್ತಿಗಳು 8 ಸಾಲು, 8 ಕಂಬಗಳ 64 ಮನೆಗಳಲ್ಲಿ 10 ಬಾಂಬು ಇಡುತ್ತಿದ್ದವು. ನಡುವಿನ ಹಂತಕ್ಕೆ 256 ಮನೆ, 40 ಬಾಂಬು. ಕಠಿಣ ಹಂತದ 480 ಮನೆಗಳಲ್ಲಿ 99 ಬಾಂಬು, ಅಂದರೆ ಸುಮಾರು ಐದಕ್ಕೊಂದು. ಕಣ್ಣು ಮುಚ್ಚಿ ಒತ್ತುತ್ತ ಹೋದರೆ ನಾಲ್ಕಾರು ಕ್ಲಿಕ್ಕಿನಲ್ಲೇ ಆಟ ಮುಗಿಯುವಷ್ಟು ದಟ್ಟ.

ಈಗ ಸಾಲಿಗೆ ಬರೋಣ. ಕೆಳಗಿನ ಭಾಗವನ್ನೆಲ್ಲ ತೆರೆದಾಗಿದೆ, ಮೇಲಿನ ಭಾಗ ಇನ್ನೂ ಮುಚ್ಚಿದೆ ಎಂದುಕೊಳ್ಳಿ. ತೆರೆದ ಭಾಗಕ್ಕೂ ಮುಚ್ಚಿದ ಭಾಗಕ್ಕೂ ನಡುವಿನ ಅಂಚಿನಲ್ಲಿ ಈ ಮೂರು ಅಂಕಿಗಳು ಕಾಣುತ್ತಿವೆ. ಅಕ್ಷರಗಳಿರುವುದು ಮುಚ್ಚಿದ ಮನೆಗಳು, ಚುಕ್ಕೆಯಿರುವುದು ಆಗಲೇ ತೆರೆದಿರುವ, ಸದ್ಯಕ್ಕೆ ನಮಗೆ ಬೇಡದ ಮನೆಗಳು.

```
ಕ ಖ ಗ ಘ ಚ
. 1 2 1 .
. . . . .
```

ಎಡಗಡೆಯ 1ಕ್ಕೆ ತಾಗುವ ಮುಚ್ಚಿದ ಮನೆಗಳು ಕ, ಖ, ಗ. ಈ ಮೂರರಲ್ಲಿ ಒಂದೇ ಬಾಂಬು. ನಡುವಿನ 2ಕ್ಕೆ ತಾಗುವುದು ಖ, ಗ, ಘ. ಇವುಗಳಲ್ಲಿ ಎರಡು ಬಾಂಬು. ಬಲಗಡೆಯ 1ಕ್ಕೆ ತಾಗುವುದು ಗ, ಘ, ಚ. ಇಲ್ಲಿ ಮತ್ತೆ ಒಂದೇ. ಒಂದೊಂದನ್ನೇ ನೋಡಿದರೆ ಯಾವ ಅಂಕಿಯೂ ಖಚಿತವಾಗಿ ಏನನ್ನೂ ಹೇಳುವುದಿಲ್ಲ. ಎಡಗಡೆಯ 1 ತನ್ನ ಮೂರು ಮನೆಗಳಲ್ಲಿ ಯಾವುದರ ಕಡೆಗೂ ಬೆರಳು ತೋರಿಸುವುದಿಲ್ಲ. 2ರದ್ದೂ ಅದೇ ಕತೆ.

ಹಾಗಾದರೆ ನಡುವಿನ ಗ ಮನೆಯಲ್ಲಿ ಬಾಂಬಿದೆ ಎಂದೇ ಇಟ್ಟುಕೊಂಡು ನೋಡೋಣ. ಗ ಮನೆ ಮೂರೂ ಅಂಕಿಗಳಿಗೆ ತಾಗುತ್ತದೆ. ಅಲ್ಲಿ ಬಾಂಬಿದ್ದರೆ ಎಡಗಡೆಯ 1ರ ಲೆಕ್ಕ ಅಲ್ಲಿಗೇ ಮುಗಿಯಿತು, ಖ ಮನೆಯಲ್ಲಿ ಬಾಂಬಿರುವಂತಿಲ್ಲ. ಬಲಗಡೆಯ 1ರ ಲೆಕ್ಕವೂ ಮುಗಿಯಿತು, ಘ ಮನೆಯಲ್ಲೂ ಇರುವಂತಿಲ್ಲ. ಆದರೆ ನಡುವಿನ 2ಕ್ಕೆ ಇನ್ನೂ ಒಂದು ಬಾಂಬು ಬೇಕು, ಅದಕ್ಕೆ ಉಳಿದಿದ್ದ ಜಾಗ ಖ ಮತ್ತು ಘ ಮಾತ್ರ. ಎರಡೂ ಈಗ ಇಲ್ಲ. ಲೆಕ್ಕ ಕೆಟ್ಟಿತು. ಆದ್ದರಿಂದ ಗ ಮನೆಯಲ್ಲಿ ಬಾಂಬು ಇರಲು ಸಾಧ್ಯವೇ ಇಲ್ಲ. ಅಲ್ಲಿಲ್ಲವೆಂದ ಮೇಲೆ 2ರ ಎರಡು ಬಾಂಬುಗಳು ಖ ಮತ್ತು ಘ ಮನೆಗಳಲ್ಲೇ ಇರಬೇಕು. ಖ ಬಾಂಬಾದರೆ ಎಡಗಡೆಯ 1 ಪೂರ್ತಿಯಾಯಿತು, ಕ ಸುರಕ್ಷಿತ. ಘ ಬಾಂಬಾದರೆ ಬಲಗಡೆಯ 1 ಪೂರ್ತಿಯಾಯಿತು, ಚ ಸುರಕ್ಷಿತ.

ಏನೂ ಹೇಳದಂತೆ ಕಂಡಿದ್ದ ಮೂರು ಅಂಕಿಗಳು ಐದು ಮನೆಗಳ ಗುಟ್ಟನ್ನು ಬಿಟ್ಟುಕೊಟ್ಟವು. ಬಾಂಬಿರುವುದು ಎರಡು 1ಗಳ ನೆತ್ತಿಯ ಮೇಲೆ. 2ರ ನೆತ್ತಿಯ ಮೇಲೂ ಎರಡು ಹೊರತುದಿಗಳಲ್ಲೂ ನಿರ್ಭಯವಾಗಿ ಕ್ಲಿಕ್ ಮಾಡಬಹುದು.

ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ, ಇದನ್ನು ಒಂದು ಚಿತ್ರವಾಗಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಬಾಯಿಪಾಠ ತಪ್ಪಲ್ಲ, ವೇಗಕ್ಕೆ ಅದು ಬೇಕೇ ಬೇಕು. ಆದರೆ ಈ ಚಿತ್ರದ ಬುಡದಲ್ಲಿ ಇನ್ನೂ ಚಿಕ್ಕದೊಂದು ಚಿತ್ರವಿದೆ, ಅದನ್ನು ಹಿಡಿದವರಿಗೆ ಹತ್ತಾರು ಚಿತ್ರಗಳು ಪುಕ್ಕಟೆಯಾಗಿ ಸಿಗುತ್ತವೆ. ಅದು ಬರೀ 1-2. ಮೇಲಿನ ಚಿತ್ರದಲ್ಲೇ ಬಲಗಡೆಯ 1ನ್ನು ಮರೆತುಬಿಡಿ. 2ರ ಮೂರು ಮನೆಗಳಾದ ಖ, ಗ, ಘಗಳ ಪೈಕಿ ಖ ಮತ್ತು ಗ ಎಡಗಡೆಯ 1ಕ್ಕೂ ಸೇರಿದವು. 1ರ ಪಾಲಿಗೆ ಒಂದೇ ಬಾಂಬು, ಆದ್ದರಿಂದ ಖ ಮತ್ತು ಗ ಎರಡೂ ಸೇರಿ ಒಂದಕ್ಕಿಂತ ಹೆಚ್ಚು ಬಾಂಬು ಇರುವಂತಿಲ್ಲ. 2ಕ್ಕೆ ಎರಡು ಬೇಕು. ಉಳಿದ ಒಂದು ಘ ಮನೆಯಲ್ಲಿಯೇ ಇರಬೇಕು. ಇನ್ನೊಂದು ಖ ಅಥವಾ ಗ ಮನೆಯಲ್ಲಿ, ಎಂದರೆ 1ರ ಬಾಂಬು ಹಂಚಿಕೊಂಡ ಮನೆಗಳಲ್ಲೇ ಖರ್ಚಾಯಿತು. ಹಾಗಾಗಿ 1ಕ್ಕೆ ಮಾತ್ರ ಸೇರಿದ ಕ ಸುರಕ್ಷಿತ.

ಎರಡು ಅಂಕಿಗಳನ್ನು ಒಟ್ಟಿಗೆ ಓದುವುದು ಎಂದೆನಲ್ಲ, ಅದು ಇಷ್ಟೇ. ಇಬ್ಬರಿಗೂ ಸೇರಿದ ಮನೆಗಳನ್ನು ಮನಸ್ಸಿನಲ್ಲೇ ಅಳಿಸಿ, ಒಬ್ಬೊಬ್ಬರಿಗೆ ಮಾತ್ರ ಸೇರಿದ ಮನೆಗಳನ್ನು ನೋಡುವುದು. ದೊಡ್ಡ ಅಂಕಿ ಚಿಕ್ಕ ಅಂಕಿಗಿಂತ ಎಷ್ಟು ಹೆಚ್ಚಿದೆಯೋ ಅಷ್ಟೇ ಮನೆಗಳು ದೊಡ್ಡದಕ್ಕೆ ಮಾತ್ರ ಸೇರಿದ್ದರೆ, ಅವೆಲ್ಲವೂ ಬಾಂಬು. ಚಿಕ್ಕದಕ್ಕೆ ಮಾತ್ರ ಸೇರಿದವೆಲ್ಲ ಸುರಕ್ಷಿತ. 1-2-1 ಎಂದರೆ ಈ ಲೆಕ್ಕವನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಮಾಡುವುದು. 1-2-2-1 ಕಂಡರೂ ಅದೇ: ಎಡಗಡೆಯ 1-2 ಜೋಡಿ ಬಲಗಡೆಯ 2ರ ನೆತ್ತಿಯ ಮೇಲೆ ಬಾಂಬಿದೆ ಎನ್ನುತ್ತದೆ, ಬಲಗಡೆಯ ಜೋಡಿ ಎಡಗಡೆಯ 2ರ ನೆತ್ತಿಯ ಮೇಲೆ ಬಾಂಬಿದೆ ಎನ್ನುತ್ತದೆ. ಅಲ್ಲಿಗೆ ಬಾಂಬುಗಳು ನಡುವಿನ ಎರಡು 2ಗಳ ಮೇಲೆ, ಎರಡು 1ಗಳ ನೆತ್ತಿ ಸುರಕ್ಷಿತ. 1-2-1ಕ್ಕೆ ಪೂರ್ತಿ ತಿರುವುಮುರುವಾದ ಚಿತ್ರ. ಬಾಯಿಪಾಠ ಮಾತ್ರ ಮಾಡಿಕೊಂಡವರು ಅವಸರದಲ್ಲಿ ಇವೆರಡನ್ನೂ ಅದಲುಬದಲು ಮಾಡಿಕೊಂಡು ಸಿಕ್ಕಿಬೀಳುತ್ತಾರೆ.

ಇನ್ನು ಮುಖ್ಯವಾದ ಮಾತು. 1-2-1ರಲ್ಲಿ ಬಾಂಬು ಎಲ್ಲಿದೆ ಎಂಬ ಉತ್ತರಕ್ಕಿಂತ ಎಲ್ಲಿಲ್ಲ ಎಂಬ ಉತ್ತರವೇ ಹೆಚ್ಚು ಗಟ್ಟಿ. ಇಲ್ಲಿಯವರೆಗೆ ನಾವು ಅಂಕಿಗಳ ಒಂದು ಬದಿ ಮಾತ್ರ ಮುಚ್ಚಿದೆ ಎಂದುಕೊಂಡೆವು. ಆಟದಲ್ಲಿ ಯಾವಾಗಲೂ ಹಾಗಿರುವುದಿಲ್ಲ. ಕಿರಿದಾದ ಓಣಿಯಂತೆ ಒಂದೇ ಸಾಲು ತೆರೆದು, ಮೇಲೂ ಕೆಳಗೂ ಮುಚ್ಚಿರುವುದುಂಟು.

```
ಕ ಖ ಗ ಘ ಚ
. 1 2 1 .
ತ ಥ ದ ಧ ನ
```

ಈಗ 2ಕ್ಕೆ ಆರು ಮುಚ್ಚಿದ ಮನೆಗಳು ತಾಗುತ್ತವೆ: ಖ, ಗ, ಘ ಮತ್ತು ಥ, ದ, ಧ. ಅವುಗಳಲ್ಲಿ ಖ, ಗ, ಥ, ದ ನಾಲ್ಕೂ ಎಡಗಡೆಯ 1ಕ್ಕೆ ಸೇರಿದವು, ಅಲ್ಲಿ ಹೆಚ್ಚೆಂದರೆ ಒಂದು ಬಾಂಬು. ಆದ್ದರಿಂದ ಘ ಮತ್ತು ಧಗಳಲ್ಲಿ ಕನಿಷ್ಠ ಒಂದಾದರೂ ಇರಬೇಕು. ಬಲಗಡೆಯಿಂದ ಇದೇ ಲೆಕ್ಕ ಮಾಡಿದರೆ ಖ ಮತ್ತು ಥಗಳಲ್ಲೂ ಕನಿಷ್ಠ ಒಂದು ಇರಬೇಕು. ಒಟ್ಟು ಇರುವುದೇ ಎರಡು. ಹಾಗಾಗಿ ಖ-ಥ ಜೋಡಿಯಲ್ಲಿ ಒಂದು, ಘ-ಧ ಜೋಡಿಯಲ್ಲಿ ಒಂದು. ನಡುವಿನ ಗ ಮತ್ತು ದ ಸುರಕ್ಷಿತ. ಎರಡು 1ಗಳ ಲೆಕ್ಕವೂ ಮುಗಿದದ್ದರಿಂದ ಎಡತುದಿಯ ಕ, ತ ಮತ್ತು ಬಲತುದಿಯ ಚ, ನ ಸುರಕ್ಷಿತ.

ಬಾಂಬು ಖ ಮನೆಯಲ್ಲಿದೆಯೋ ಥ ಮನೆಯಲ್ಲಿದೆಯೋ ಈ ಮೂರು ಅಂಕಿಗಳಿಂದ ತಿಳಿಯುವುದಿಲ್ಲ. ಘ-ಧಗಳದ್ದೂ ತಿಳಿಯುವುದಿಲ್ಲ. ಆದರೂ ಆರು ಮನೆಗಳನ್ನು ಈಗಲೇ ತೆರೆಯಬಹುದು! ಅಡ್ಡ ಸಾಲಿನಲ್ಲಾಗಲಿ ಉದ್ದ ಕಂಬದಲ್ಲಾಗಲಿ 1, 2, 1 ಒಂದಕ್ಕೊಂದು ಅಂಟಿಕೊಂಡು ಕಂಡರೆ, ಸುತ್ತ ಏನೇ ಮುಚ್ಚಿರಲಿ ತೆರೆದಿರಲಿ, 2ರ ಎರಡೂ ಪಕ್ಕದ ಮನೆಗಳು ಸುರಕ್ಷಿತ, 1ಗಳಿಗೆ ತಾಗಿಯೂ 2ಕ್ಕೆ ತಾಗದ ಹೊರಗಿನ ಮನೆಗಳು ಸುರಕ್ಷಿತ. ಅದಕ್ಕೆ ಅಪವಾದವಿಲ್ಲ. ‘1ರ ನೆತ್ತಿಯ ಮೇಲೆ ಬಾಂಬು’ ಎಂಬ ಅರ್ಧ ಮಾತ್ರ ಒಂದು ಬದಿ ಪೂರ್ತಿ ತೆರೆದಿದ್ದಾಗ ನಿಜ, ಇಲ್ಲದಿದ್ದರೆ ಅನುಮಾನ.

ಈ ವ್ಯತ್ಯಾಸ ಎಲ್ಲಿ ಕೈಕೊಡುತ್ತದೆ ನೋಡಿ. ಇದೇ ಓಣಿಯಲ್ಲಿ ಥ ಮನೆಯಲ್ಲಿ ಬಾಂಬಿದೆ ಎಂದು ಕೆಳಗಿನ ಬೇರೆ ಅಂಕಿಗಳಿಂದ ಆಗಲೇ ತಿಳಿದು ಬಾವುಟ ನೆಟ್ಟಿದ್ದೀರಿ. ಕಣ್ಣಿಗೆ 1-2-1 ಬಿತ್ತು. ಬಾಯಿಪಾಠದ ಚಿತ್ರ ನೆನಪಾಗಿ ಖ ಮೇಲೂ ಒಂದು, ಘ ಮೇಲೂ ಒಂದು ಬಾವುಟ ನೆಟ್ಟಿರಿ. ಈಗ ಎಡಗಡೆಯ 1ಕ್ಕೆ ಎರಡು ಬಾವುಟ ತಾಗುತ್ತಿವೆ, 2ಕ್ಕೆ ಮೂರು. ಅಂಕಿಗಿಂತ ಬಾವುಟ ಹೆಚ್ಚಾದರೆ ಎಲ್ಲೋ ತಪ್ಪಾಗಿದೆ ಎಂದು ಖಚಿತ, ಕೂಡಲೇ ನಿಲ್ಲಿಸಿ ಹುಡುಕಬೇಕು. ಥ ಬಾಂಬು ನಿಜವಾದರೆ ಖ ಬಾಂಬಾಗಲು ಸಾಧ್ಯವಿಲ್ಲ, ಅದನ್ನು ತೆರೆಯಬೇಕಿತ್ತು. ಹುಡುಕದೆ ಮುಂದೆ ಹೋದರೆ ಖ ಮೇಲಿನ ಸುಳ್ಳು ಬಾವುಟವನ್ನು ಮೇಲಿನ ಸಾಲಿನ ಅಂಕಿಗಳೂ ನಂಬುತ್ತವೆ. ಅಲ್ಲಿ ಒಂದು 1 ಕಂಡು, ‘ಇದರ ಬಾಂಬು ಖ ಮನೆಯಲ್ಲಿದೆ, ಉಳಿದವೆಲ್ಲ ಸೇಫ್’ ಎಂದು ಒತ್ತುತ್ತೀರಿ, ಸಿಡಿಯುತ್ತದೆ. ಬಾಂಬು ಸಿಡಿದ ಜಾಗ ಒಂದು, ತಪ್ಪಾದ ಜಾಗ ಇನ್ನೊಂದು. ಸೋತ ಮೇಲೆ ಹಳೆಯ ವಿಂಡೋಸ್ ಆಟ ತಪ್ಪು ಬಾವುಟಗಳ ಮೇಲೆ ಕಾಟು ಹಾಕಿ ತೋರಿಸುತ್ತದೆ. ಹೊಸ ಆಟಕ್ಕೆ ಹಾರುವ ಮೊದಲು ಅದನ್ನೊಮ್ಮೆ ನೋಡುವುದು ಒಳ್ಳೆಯದು.

ಇದರ ಇನ್ನೊಂದು ಮುಖವೂ ಇದೆ. 1-2-1 ಹಲವು ಸಲ ಬೇರೆ ವೇಷದಲ್ಲಿ ಬರುತ್ತದೆ. ಆಗಲೇ ಪತ್ತೆಯಾದ ಬಾಂಬನ್ನು ಅಂಕಿಯಿಂದ ಕಳೆದು, ಇನ್ನೆಷ್ಟು ಬಾಕಿ ಎಂದು ಓದಬೇಕು. ಇಲ್ಲಿ * ಎಂದರೆ ಗೊತ್ತಾದ ಬಾಂಬು.

```
ಕ ಖ ಗ ಘ ಚ
. 2 3 1 .
. * . . .
```

ಆ ಬಾಂಬು 2ಕ್ಕೂ 3ಕ್ಕೂ ತಾಗುತ್ತದೆ, ಬಲಗಡೆಯ 1ಕ್ಕೆ ತಾಗುವುದಿಲ್ಲ. ಕಳೆದರೆ ಬಾಕಿ 1, 2, 1. ಮುಂದಿನದು ನಿಮಗೇ ಗೊತ್ತು: ಕ, ಗ, ಚ ತೆರೆಯಿರಿ. ಅನುಭವಿಗಳು ಕಠಿಣ ಹಂತದಲ್ಲಿ ಓದುವುದು ಪರದೆಯ ಮೇಲಿನ ಅಂಕಿಗಳನ್ನಲ್ಲ, ಈ ಬಾಕಿ ಅಂಕಿಗಳನ್ನು. ಕಳೆಯುವಾಗ ಮಾತ್ರ ಎಚ್ಚರ ಬೇಕು. ಬಾಂಬು ಮೂರು ಅಂಕಿಗಳಲ್ಲಿ ಯಾವುದಕ್ಕೆ ತಾಗುತ್ತದೆ, ಯಾವುದಕ್ಕೆ ತಾಗುವುದಿಲ್ಲ ಎಂದು ಮೂಲೆಗಳನ್ನೂ ಸೇರಿಸಿ ನೋಡಬೇಕು. ಮೂಲೆಗೆ ತಾಗುವ ಬಾಂಬನ್ನು ಮರೆಯುವುದೇ ಹೊಸಬರ ಸಾಮಾನ್ಯ ತಪ್ಪು.

ಗುರುತು ಮಾಡುವ ವಿಷಯಕ್ಕೆ ಬರುತ್ತೇನೆ. ಆಟ ನಮಗೆ ಕೊಡುವ ಗುರುತು ಎರಡು. ಮೌಸಿನ ಬಲಗುಂಡಿ ಒತ್ತಿದರೆ ಬಾವುಟ, ಇನ್ನೊಮ್ಮೆ ಒತ್ತಿದರೆ `?`. ಸುರಕ್ಷಿತ ಎಂದು ಗುರುತು ಮಾಡಲು ಏನೂ ಇಲ್ಲ, ಯಾಕೆಂದರೆ ಆಟದ ಲೆಕ್ಕದಲ್ಲಿ ಸುರಕ್ಷಿತ ಮನೆಗೆ ಗುರುತೆಂದರೆ ಅದನ್ನು ತೆರೆಯುವುದೇ. ನನ್ನ ಅಭಿಪ್ರಾಯವೂ ಅದೇ: ಸುರಕ್ಷಿತವೆಂದು ಖಚಿತವಾದ ಕೂಡಲೇ ತೆರೆಯಿರಿ. ಬಾಂಬನ್ನು ಕಂಡುಹಿಡಿದರೆ ಹೊಸದೇನೂ ತಿಳಿಯುವುದಿಲ್ಲ. ಸುರಕ್ಷಿತ ಮನೆಯನ್ನು ತೆರೆದರೆ ಹೊಸ ಅಂಕಿ ಸಿಗುತ್ತದೆ, ಆ ಅಂಕಿ ಮುಂದಿನ ದಾರಿ ತೋರಿಸುತ್ತದೆ. ಕಲಿಯುವ ದಿನಗಳಲ್ಲಿ ಮಾತ್ರ ಒಂದು ಅಭ್ಯಾಸ ಒಳ್ಳೆಯದು. ಆಟದ ಒಂದು ಭಾಗವನ್ನು ಚೌಕುಳಿ ಕಾಗದದ ಮೇಲೆ ಇಳಿಸಿ, ಸುರಕ್ಷಿತ ಮನೆಗಳಿಗೆ ಪೆನ್ಸಿಲಿನಿಂದ ಸೊನ್ನೆ, ಬಾಂಬುಗಳಿಗೆ ಕಾಟು ಹಾಕುತ್ತ ಹೋಗಿ. ಸೊನ್ನೆ ಹಾಕುವ ಮೊದಲು ಯಾವ ಎರಡು ಅಂಕಿಗಳಿಂದ ಅದು ಬಂತು ಎಂದು ಬಾಯಲ್ಲಿ ಹೇಳಿ. ಹೇಳಲಾಗದಿದ್ದರೆ ಅದು ಲೆಕ್ಕವಲ್ಲ, ಊಹೆ.

ಬಾವುಟಕ್ಕೆ ಒಂದು ನಿಜವಾದ ಉಪಯೋಗವಿದೆ. ಒಂದು ಅಂಕಿಯ ಸುತ್ತ ಅಷ್ಟೇ ಬಾವುಟಗಳಿದ್ದರೆ, ಆ ಅಂಕಿಯ ಮೇಲೆ ಎಡ-ಬಲ ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಸುತ್ತಲಿನ ಉಳಿದ ಮನೆಗಳೆಲ್ಲ ಒಮ್ಮೆಗೇ ತೆರೆಯುತ್ತವೆ. ತುಂಬ ಮನೆ ಬಾಕಿಯಿರುವಲ್ಲಿ ಇದು ಲಾಭ. ನಮ್ಮ ಮೊದಲ 1-2-1ರಲ್ಲಿ ಲಾಭವಿಲ್ಲ: ಎರಡು ಬಾವುಟ, ಎರಡು 1ಗಳ ಮೇಲೆ ಒಂದೊಂದು ಜೋಡಿ ಒತ್ತು, ಒಟ್ಟು ನಾಲ್ಕು ಕೆಲಸ. ನೇರವಾಗಿ ಕ, ಗ, ಚ ತೆರೆದರೆ ಮೂರೇ. ಇನ್ನು ಬಾವುಟ ತಪ್ಪಾಗಿದ್ದರೆ ಈ ಜೋಡಿ ಒತ್ತು ಬಾಂಬಿನ ಮನೆಯನ್ನೇ ತೆರೆದುಬಿಡುತ್ತದೆ.

ಎಡಮೂಲೆಯ ಕೆಂಪು ಅಂಕಿಯ ಬಗ್ಗೆಯೂ ಒಂದು ಮಾತು. ಬಾಕಿ ಬಾಂಬುಗಳೆಷ್ಟು ಎಂದು ಅದು ಹೇಳುತ್ತದೆ ಎಂದು ನಾವು ನಂಬುತ್ತೇವೆ. ಅದು ಮಾಡುವುದು ಒಟ್ಟು ಬಾಂಬುಗಳಿಂದ ನೀವು ನೆಟ್ಟ ಬಾವುಟಗಳನ್ನು ಕಳೆಯುವುದಷ್ಟೇ. ಬಾವುಟ ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ. ಅನುಮಾನದ ಮೇಲೆ ನೆಟ್ಟ ಒಂದೇ ಬಾವುಟ ಕೊನೆಯ ಹೊತ್ತಿನ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಎಲ್ಲವನ್ನೂ ಒಟ್ಟಿಗೆ ಸೇರಿಸಿ ಒಂದು ಆಟವನ್ನು ಬಿಡಿಸೋಣ. ಎಂಟು ಕಂಬಗಳ ಸುಲಭದ ಹಂತ, 10 ಬಾಂಬು. ಮೊದಲ ಕ್ಲಿಕ್ಕಿಗೇ ಕೆಳಗಿನ ಮೂರು ಸಾಲು ಖಾಲಿಯಾಗಿ ತೆರೆದು, ಅದರ ಮೇಲಿನ ಸಾಲಿನಲ್ಲಿ ಅಂಕಿಗಳು ನಿಂತಿವೆ. ವಿವರಣೆಗೆ ಅನುಕೂಲವಾಗಲೆಂದು ಚೊಕ್ಕದಾದ ಚಿತ್ರವನ್ನೇ ಆರಿಸಿದ್ದೇನೆ. ಎಡಗೋಡೆಯಿಂದ ಬಲಗೋಡೆಯವರೆಗೆ ಪೂರ್ತಿ ಸಾಲು ಇದು.

```
ತ ಥ ದ ಧ ನ ಪ ಫ ಬ
ಕ ಖ ಗ ಘ ಚ ಛ ಜ ಝ
1 1 2 1 1 1 2 2
. . . . . . . .
```

ಗೋಡೆಯ ಪಕ್ಕದಿಂದ ಶುರುಮಾಡುವುದು ಒಳ್ಳೆಯ ರೂಢಿ, ಅಲ್ಲಿ ಅಂಕಿಗೆ ತಾಗುವ ಮನೆಗಳು ಕಡಿಮೆ. ಎಡತುದಿಯ 1ಕ್ಕೆ ಕ, ಖ ಎರಡೇ ಮನೆ. ಅದರ ಪಕ್ಕದ 1ಕ್ಕೆ ಕ, ಖ, ಗ. ಮೊದಲನೆಯದರ ಬಾಂಬು ಕ ಅಥವಾ ಖ ಮನೆಯಲ್ಲಿರಲೇಬೇಕು, ಅದೇ ಎರಡನೆಯದರ ಬಾಂಬೂ ಹೌದು. ಆದ್ದರಿಂದ ಗ ಸುರಕ್ಷಿತ. ಗೋಡೆಗೆ ಅಂಟಿದ 1-1 ಎಲ್ಲಿ ಕಂಡರೂ ಮೂರನೆಯ ಮನೆ ಸುರಕ್ಷಿತ ಎಂಬ ಸೂತ್ರ ಹುಟ್ಟುವುದು ಹೀಗೆ.

ಎರಡು, ಮೂರು, ನಾಲ್ಕನೆಯ ಅಂಕಿಗಳು 1, 2, 1. ಕೆಳಗೆಲ್ಲ ತೆರೆದಿದೆ, ಆದ್ದರಿಂದ ಇಲ್ಲಿ ಬಾಂಬಿನ ಉತ್ತರವೂ ಗಟ್ಟಿ: ಖ ಮತ್ತು ಘ ಬಾಂಬು. ಕ, ಗ, ಚ ಸುರಕ್ಷಿತ. ಗ ಸುರಕ್ಷಿತವೆಂದು ಗೋಡೆಯ ಕಡೆಯಿಂದಲೂ ಬಂದಿತ್ತು, ಎರಡು ದಾರಿಗಳು ಒಂದೇ ಉತ್ತರಕ್ಕೆ ಸೇರಿದವು. ಐದನೆಯ ಅಂಕಿ 1, ಅದಕ್ಕೆ ತಾಗುವುದು ಘ, ಚ, ಛ. ಘ ಬಾಂಬೆಂದು ಗೊತ್ತಿದೆ, ಹಾಗಾಗಿ ಛ ಸುರಕ್ಷಿತ. ಆರನೆಯ ಅಂಕಿ 1, ಅದಕ್ಕೆ ಚ, ಛ, ಜ. ಮೊದಲೆರಡೂ ಸುರಕ್ಷಿತ, ಆದ್ದರಿಂದ ಜ ಬಾಂಬು. ಏಳನೆಯದು 2, ಅದಕ್ಕೆ ಛ, ಜ, ಝ. ಛ ಸುರಕ್ಷಿತವಾದ್ದರಿಂದ ಜ ಮತ್ತು ಝ ಎರಡೂ ಬಾಂಬು. ಬಲತುದಿಯ 2 ಇದನ್ನೇ ಮೊದಲಿನಿಂದ ಕೂಗಿ ಹೇಳುತ್ತಿತ್ತು, ಅದಕ್ಕೆ ಇರುವುದೇ ಎರಡು ಮನೆ.

ಕ, ಗ, ಚ, ಛ ನಾಲ್ಕನ್ನೂ ತೆರೆದೆವು. ಈ ಅಂಕಿಗಳು ಬಂದವು:

```
ತ ಥ ದ ಧ ನ ಪ ಫ ಬ
1 * 3 * 1 2 * *
1 1 2 1 1 1 2 2
```

ಈಗ ಹೊಸ ಅಂಕಿಗಳ ಬಾಕಿಯನ್ನು ಓದಬೇಕು. ಎಡತುದಿಯ ಹೊಸ 1ಕ್ಕೆ ಪಕ್ಕದ ಬಾಂಬೇ ಸಾಕಾಯಿತು, ಬಾಕಿ ಸೊನ್ನೆ: ತ, ಥ ಸುರಕ್ಷಿತ. ಐದನೆಯ ಕಂಬದ ಹೊಸ 1ಕ್ಕೆ ಎಡಗಡೆಯ ಬಾಂಬು ತಾಗುತ್ತದೆ, ಬಾಕಿ ಸೊನ್ನೆ: ಧ, ನ, ಪ ಸುರಕ್ಷಿತ. ಮೂರನೆಯ ಕಂಬದ 3ರಿಂದ ಎಡಬಲದ ಎರಡು ಬಾಂಬು ಕಳೆದರೆ ಬಾಕಿ 1, ಅದು ಥ, ದ, ಧಗಳಲ್ಲಿ ಒಂದು. ಥ ಮತ್ತು ಧ ಈಗಷ್ಟೇ ಸುರಕ್ಷಿತವಾದವು. ಉಳಿದದ್ದು ದ, ಅದೇ ಬಾಂಬು. ಆರನೆಯ ಕಂಬದ 2ರಿಂದ ಬಲಗಡೆಯ ಬಾಂಬು ಕಳೆದರೆ ಬಾಕಿ 1, ಅದು ನ, ಪ, ಫಗಳಲ್ಲಿ. ನ, ಪ ಸುರಕ್ಷಿತ, ಆದ್ದರಿಂದ ಫ ಬಾಂಬು.

ಒಂದು ಊಹೆಯನ್ನೂ ಮಾಡದೆ ಆರು ಬಾಂಬು ಪತ್ತೆಯಾದವು, ಇನ್ನೂ ಐದು ಮನೆ ತೆರೆಯಲು ಸಿದ್ಧವಾಗಿವೆ. ಬ ಮನೆಯ ಬಗ್ಗೆ ಮಾತ್ರ ಏನೂ ತಿಳಿದಿಲ್ಲ. ಅದಕ್ಕೆ ತಾಗುವ ಜ, ಝ, ಫ ಮೂರೂ ಬಾಂಬು, ಬಾಂಬು ಅಂಕಿ ತೋರಿಸುವುದಿಲ್ಲ. ಅದರ ಮೇಲಿನ ಸಾಲಿನ ಮನೆ ತೆರೆದರಷ್ಟೇ ಅದರ ಸುದ್ದಿ ಬರಬೇಕು. ಇಂಥ ಮನೆಯನ್ನು ಅವಸರದಲ್ಲಿ ಮುಟ್ಟದೆ ಬಿಟ್ಟು, ಎಡದಿಂದ ಸುತ್ತಿಕೊಂಡು ಮೇಲಕ್ಕೆ ಹೋಗಬೇಕು.

ಲೆಕ್ಕಕ್ಕೆ ಸಿಗದ ಜಾಗಗಳೂ ಇವೆ. ಕೆಲವು ಲೆಕ್ಕ ಇದ್ದೂ ಕಣ್ಣಿಗೆ ಬೀಳುವುದಿಲ್ಲ. ಎರಡು ಅಂಕಿಗಳನ್ನು ಜೋಡಿಸಿದರೆ ಸಾಲದೆ, ಹತ್ತಾರು ಅಂಕಿಗಳ ಸರಪಳಿಯನ್ನೇ ಹಿಡಿದು ಹೋಗಬೇಕಾಗುತ್ತದೆ. ಅಂಕಿಗಳಿರುವ ಒಂದು ಮೈನ್‌ಸ್ವೀಪರ್ ಹಲಗೆಯನ್ನು ಕೊಟ್ಟು, ಇದಕ್ಕೆ ಒಪ್ಪುವಂತೆ ಬಾಂಬುಗಳನ್ನು ಇಡಲು ಸಾಧ್ಯವೇ ಎಂದು ಕೇಳಿದರೆ, ಆ ಪ್ರಶ್ನೆ ಗಣಿತಜ್ಞರು ಎನ್‌ಪಿ-ಕಂಪ್ಲೀಟ್ ಎನ್ನುವ ಕಠಿಣ ಸಮಸ್ಯೆಗಳ ಗುಂಪಿಗೆ ಸೇರುತ್ತದೆ ಎಂದು ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ರಿಚರ್ಡ್ ಕೇ 2000ರಲ್ಲಿ ತೋರಿಸಿಕೊಟ್ಟರು. ಹಲಗೆ ಎಷ್ಟೇ ದೊಡ್ಡದಾದರೂ ಬೇಗ ಉತ್ತರ ಕೊಡುವ ಒಂದು ಸಾಮಾನ್ಯ ವಿಧಾನ ಈ ಗುಂಪಿನ ಯಾವ ಸಮಸ್ಯೆಗೂ ಇದುವರೆಗೆ ಸಿಕ್ಕಿಲ್ಲ.

ಇನ್ನು ಕೆಲವು ಕಡೆ ಲೆಕ್ಕವೇ ಇರುವುದಿಲ್ಲ. ಬಲಗಡೆಯ ಕೆಳಮೂಲೆಯಲ್ಲಿ ಹೀಗೆ ಉಳಿದಿದೆ ಎನ್ನಿ, ಮೇಲೆಲ್ಲ ತೆರೆದಾಗಿದೆ:

```
* 3 1
* ಟ ಡ
```

3ಕ್ಕೆ ಎಡಗಡೆಯ ಎರಡು ಬಾಂಬು ತಾಗುತ್ತವೆ, ಬಾಕಿ 1. ಅದು ಟ ಅಥವಾ ಡ. ಬಲಗಡೆಯ 1 ಹೇಳುವುದೂ ಅದನ್ನೇ. ಎರಡು ಅಂಕಿಗಳಿಗೂ ಇರುವುದು ಅವೇ ಎರಡು ಮನೆ, ಒಬ್ಬರಿಗೆ ಮಾತ್ರ ಸೇರಿದ ಮನೆಯೇ ಇಲ್ಲ. ಆದ್ದರಿಂದ ಕಳೆಯುವ ಲೆಕ್ಕದಿಂದ ಏನೂ ಹುಟ್ಟುವುದಿಲ್ಲ. ಕೆಂಪು ಅಂಕಿಯೂ ಸಹಾಯ ಮಾಡದು, ಎರಡರಲ್ಲಿ ಯಾವುದಾದರೂ ಬಾಂಬು ಒಂದೇ. ಆಟ ಮುಗಿಯುವವರೆಗೆ ಕಾದರೂ ಹೊಸ ಸುದ್ದಿ ಬರುವುದಿಲ್ಲ. ಇಂಥದ್ದನ್ನು ಕೊನೆಗೆ ಉಳಿಸಿಕೊಳ್ಳದೆ ಕಂಡ ಕೂಡಲೇ ಒಂದನ್ನು ಒತ್ತಿಬಿಡುವುದು ಮೇಲು ಎಂಬುದು ನನ್ನ ಮತ. ಸೋಲುವುದಾದರೆ ಉಳಿದ ಹಲಗೆಯ ಮೇಲಿನ ಶ್ರಮವಾದರೂ ಉಳಿಯುತ್ತದೆ.

ಆದರೆ ಒತ್ತುವ ಮೊದಲು, ಇದು ನಿಜವಾಗಿಯೂ ಅದೇ ಜಾತಿಯದೇ ಎಂದು ನೋಡಬೇಕು. ಮೂಲೆಯ ಒಂದೇ ಮನೆ ಉಳಿದು, ಅದರ ಮೂರೂ ನೆರೆಮನೆಗಳು ಬಾಂಬಾಗಿದ್ದರೆ ಯಾವ ಅಂಕಿಯೂ ಅದರ ಬಗ್ಗೆ ಹೇಳಲಾರದು. ನೋಡಲು ಅದೂ ಅರ್ಧಕ್ಕರ್ಧ ಊಹೆಯಂತೆಯೇ ಕಾಣುತ್ತದೆ. ಇದನ್ನು ಮಾತ್ರ ಕೊನೆಯವರೆಗೆ ಕಾಯಿಸಬೇಕು. ಉಳಿದ ಬಾಂಬುಗಳೆಲ್ಲ ಖಚಿತವಾಗಿ, ಅವಕ್ಕೆಲ್ಲ ಸರಿಯಾದ ಬಾವುಟ ನೆಟ್ಟಾದ ಮೇಲೆ ಕೆಂಪು ಅಂಕಿ 0 ಎಂದರೆ ಆ ಮನೆಯನ್ನು ತೆರೆಯಿರಿ. 1 ಎಂದರೆ ಅಲ್ಲಿರುವುದು ಕೊನೆಯ ಬಾಂಬು, ಮುಟ್ಟುವ ಕೆಲಸವೇ ಇಲ್ಲ.